ಜೆರಾಕ್ಸ್ ಪ್ರತಿಗೆ ರ‍್ಯಾಂಕು ಕೊಡುವವರು

ನಾಂಪಲ್ಲಿಯ ಕ್ರಿಮಿನಲ್ ಕೋರ್ಟಿನ ಸುತ್ತಮುತ್ತ ಓಡಾಡಿದವರಿಗೆ ಜೆರಾಕ್ಸ್ ಮಾಡಿಸುವ ಜನರ ಗಡಿಬಿಡಿ ಗೊತ್ತು. ಒಂದೇ ದಾಖಲೆಯ ಹತ್ತು ಪ್ರತಿಗಳನ್ನು ಮುಂದಿಟ್ಟು, 'ಇವುಗಳಲ್ಲಿ ಯಾವುದರ ಬರವಣಿಗೆ ಚೆನ್ನಾಗಿದೆ?' ಎಂದು ಯಾರಾದರೂ ಕೇಳಿದರೆ ವಕೀಲರ ಗುಮಾಸ್ತ ಅವರನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಪ್ರತಿಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಅಕ್ಷರ ಮಸುಕಾಗಿದೆಯೇ? ಅಂಚು ಕತ್ತರಿಸಿಹೋಗಿದೆಯೇ? ಪುಟಕ್ಕೆ ಎಷ್ಟು ಕಾಸು? ಮೆಷಿನ್ನು ನಡುವೆ ಕೆಟ್ಟು ನಿಲ್ಲುತ್ತದೆಯೇ?

ಇಂಡೆಕ್ಸ್ ಫಂಡ್ ಎಂದರೆ ಜೆರಾಕ್ಸ್ ಪ್ರತಿ. ನಿಫ್ಟಿ 50 ಎಂಬ ಸೂಚ್ಯಂಕದಲ್ಲಿ ಯಾವ ಐವತ್ತು ಕಂಪನಿಗಳಿವೆ, ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ನಿರ್ಧರಿಸುವುದು ಷೇರು ವಿನಿಮಯ ಕೇಂದ್ರದ ಕಡೆಯ ಸಂಸ್ಥೆ. ಫಂಡಿನ ಮ್ಯಾನೇಜರ್ ಆ ಪಟ್ಟಿಯನ್ನು ಇದ್ದ ಹಾಗೇ ಕೊಂಡಿಡುತ್ತಾನೆ, ಅಷ್ಟೇ. ಹತ್ತು ಕಂಪನಿಗಳು ಹತ್ತು ನಿಫ್ಟಿ ಫಂಡುಗಳನ್ನು ಮಾರುತ್ತಿದ್ದರೆ, ಹತ್ತರ ಹೊಟ್ಟೆಯಲ್ಲೂ ಅದೇ ಐವತ್ತು ಷೇರುಗಳು, ಅದೇ ತೂಕದಲ್ಲಿ. ಹೀಗಿದ್ದೂ ನಮ್ಮ ಹುಡುಗರು, ಹುಡುಗಿಯರು ಮೊದಲ ಸಂಬಳ ಬಂದ ತಿಂಗಳು ಮೊಬೈಲ್ ಆ್ಯಪ್ ತೆರೆದು, 'ಇಂಡೆಕ್ಸ್ ಫಂಡ್' ಎಂದು ಹುಡುಕಿ, 'ಮೂರು ವರ್ಷದ ಗಳಿಕೆ' ಎಂಬುದರ ಮೇಲೆ ಬೆರಳೊತ್ತಿ, ಮೇಲೆ ಬಂದದ್ದನ್ನು ಆರಿಸುತ್ತಾರೆ. ಆಮೇಲೆ ಅದರ ಸ್ಕ್ರೀನ್‌ಶಾಟನ್ನು ನಮ್ಮೂರಿನವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, 'ಇದು ನಂಬರ್ ಒನ್' ಎನ್ನುತ್ತಾರೆ. ಈ ಬರಹ ಆ ಸ್ಕ್ರೀನ್‌ಶಾಟಿನ ವಿರುದ್ಧ.

ಈ ಚಟ ಎಲ್ಲಿಂದ ಬಂತು ಎಂಬುದು ಗುಟ್ಟೇನಲ್ಲ. ಬೀದರ್‌ನಿಂದಲೋ ರಾಯಚೂರಿನಿಂದಲೋ ದಾವಣಗೆರೆಯಿಂದಲೋ ಹೊರಟು ಇಲ್ಲಿಗೆ ಬಂದ ನಾವೆಲ್ಲ ರ‍್ಯಾಂಕಿನ ಮಕ್ಕಳು. ಪಿಯುಸಿ ಅಂಕ, ಸಿಇಟಿ ರ‍್ಯಾಂಕು ನಮ್ಮನ್ನು ಊರಿನಿಂದ ಎತ್ತಿ ತಂದವು. ಹೈದರಾಬಾದಿನ ರಸ್ತೆಗಳಲ್ಲಿ ಕೋಚಿಂಗ್ ಸೆಂಟರುಗಳ ಹೋರ್ಡಿಂಗ್ ಮೇಲೆ ಪಾಸ್‌ಪೋರ್ಟ್ ಫೋಟೋ, ಅದರ ಕೆಳಗೊಂದು ಸಂಖ್ಯೆ. ಹಿಂದೆ ಚೆನ್ನಾಗಿ ಓದಿದವನು ಮುಂದೆಯೂ ಚೆನ್ನಾಗಿ ಓದುತ್ತಾನೆ ಎಂಬ ನಂಬಿಕೆ ಮನುಷ್ಯರ ವಿಷಯದಲ್ಲಿ ತಕ್ಕಮಟ್ಟಿಗೆ ನಡೆಯುತ್ತದೆ. ಜೆರಾಕ್ಸ್ ಮೆಷಿನ್ನಿನ ವಿಷಯದಲ್ಲಿ ಅದನ್ನು ಅನ್ವಯಿಸುವುದು ಹೇಗೆ?

ಮೊದಲು ಆ 'ನಂಬರ್ ಒನ್' ಹೇಗೆ ಹುಟ್ಟುತ್ತದೆ ಎಂದು ನೋಡೋಣ. ಗಳಿಕೆಯ ಪಟ್ಟಿ ನಮಗೆ ಸುಳ್ಳು ಹೇಳುವುದು ಎರಡು ಬಗೆಯಲ್ಲಿ.

ಮೊದಲನೆಯದು, ಬೇರೆ ಬೇರೆ ಮೂಲಗಳ ಪ್ರತಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು. 'ಇಂಡೆಕ್ಸ್ ಫಂಡ್' ಎಂಬ ಹೆಸರಿನಡಿ ನಿಫ್ಟಿ 50 ಇದೆ, ನಿಫ್ಟಿ 500 ಇದೆ, ಸಣ್ಣ ಕಂಪನಿಗಳ ಸೂಚ್ಯಂಕವಿದೆ, ರಕ್ಷಣಾ ವಲಯದ್ದಿದೆ, ಸರ್ಕಾರಿ ಬ್ಯಾಂಕುಗಳದ್ದಿದೆ. ಗಳಿಕೆಯ ಪ್ರಕಾರ ಜೋಡಿಸಿದರೆ ಮೇಲೆ ಬರುವುದು ಕಳೆದ ಮೂರು ವರ್ಷಗಳಲ್ಲಿ ಯಾವ ವಲಯ ಏರಿತ್ತೋ ಅದು. ರಕ್ಷಣಾ ವಲಯದ ಷೇರುಗಳು ವಿಪರೀತ ಏರಿದ ಮೇಲೆ, 2024ರ ಮಧ್ಯಭಾಗದಲ್ಲಿ, ಆ ಸೂಚ್ಯಂಕದ ಹೊಸ ಫಂಡ್ ಮಾರುಕಟ್ಟೆಗೆ ಬಂತು. ಅದೇ ಜುಲೈನಲ್ಲಿ ಸೂಚ್ಯಂಕ ತುದಿ ಮುಟ್ಟಿ, ಮುಂದಿನ ತಿಂಗಳುಗಳಲ್ಲಿ ಜೋರಾಗಿ ಇಳಿಯಿತು. ಪಟ್ಟಿ ನೋಡಿ ಹೋದವರು ತಾವು 'ಇಂಡೆಕ್ಸ್ ಫಂಡ್' ಕೊಂಡೆವು ಎಂದುಕೊಂಡಿದ್ದರು. ಕೊಂಡದ್ದು ಒಂದೇ ವಲಯದ ಮೇಲಿನ ಪಣವನ್ನು. ವಿಶಾಲ ಸೂಚ್ಯಂಕ ಬೇಕೆಂದರೆ ಮೊದಲು ಸೂಚ್ಯಂಕವನ್ನು ನಾವೇ ತೀರ್ಮಾನಿಸಬೇಕು: ನಿಫ್ಟಿ 50, ಸೆನ್ಸೆಕ್ಸ್, ನಿಫ್ಟಿ 100 ಅಥವಾ ನಿಫ್ಟಿ 500. ಆ ತೀರ್ಮಾನ ಆದ ಮೇಲೆ ಅದೇ ಸೂಚ್ಯಂಕದ ಫಂಡುಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಬೇಕು.

ಎರಡನೆಯದು, ಹುಟ್ಟಿದ ದಿನಾಂಕದ ಮೋಸ. 'ಆರಂಭದಿಂದ ಇಲ್ಲಿಯವರೆಗಿನ ಗಳಿಕೆ' ಎಂಬ ಅಂಕಣವನ್ನು ಲೆಕ್ಕ ಹಾಕಿ ನೋಡಿ. 2020ರ ಜನವರಿ 14ರಂದು ನಿಫ್ಟಿ ಸುಮಾರು 12,360ರಲ್ಲಿ ಮುಗಿಯಿತು. ಕೊರೋನಾ ಲಾಕ್‌ಡೌನಿನ ಹೊತ್ತಿಗೆ, ಮಾರ್ಚ್ 23ರಂದು, 7,610ಕ್ಕೆ ಬಿದ್ದಿತ್ತು. 2024ರ ಸೆಪ್ಟೆಂಬರ್ 26ರಂದು ಅದು 26,216. ಜನವರಿಯಲ್ಲಿ ಹುಟ್ಟಿದ ಫಂಡು ಆ ದಿನ ವರ್ಷಕ್ಕೆ ಸುಮಾರು ಶೇ 17ರ ಏರಿಕೆ ತೋರಿಸುತ್ತದೆ. ಎರಡು ತಿಂಗಳ ನಂತರ ಹುಟ್ಟಿದ್ದು ವರ್ಷಕ್ಕೆ ಶೇ 31ಕ್ಕೂ ಹೆಚ್ಚು. ಲಾಭಾಂಶ ಬಿಟ್ಟು ಮಾಡಿದ ಲೆಕ್ಕ ಇದು. ಎರಡರಲ್ಲೂ ಇರುವುದು ಅದೇ ಐವತ್ತು ಷೇರುಗಳು. ಒಂದೇ ಓಣಿಯ ಇಬ್ಬರು ಮಕ್ಕಳಲ್ಲಿ ಮಳೆಗಾಲದಲ್ಲಿ ಹುಟ್ಟಿದವನು ಹೆಚ್ಚು ಬುದ್ಧಿವಂತ ಎಂದ ಹಾಗಾಯಿತು.

ಇಷ್ಟು ಹೇಳಿದರೆ ಜಾಣರು ತಿರುಗೇಟು ಕೊಡುತ್ತಾರೆ: 'ಸರಿ ಮಾರಾಯ, ಅದೇ ಸೂಚ್ಯಂಕ, ಅದೇ ಮೂರು ವರ್ಷ. ಆಗಲೂ ಒಂದು ಫಂಡು ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟಿರುತ್ತದಲ್ಲ? ಕೆಲವು ಸೂಚ್ಯಂಕವನ್ನೇ ಮೀರಿಸಿರುತ್ತವೆ. ಅದನ್ನು ಆರಿಸಿದರೆ ತಪ್ಪೇನು?' ಈ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುವುದರಿಂದ ಇದಕ್ಕೆ ಉತ್ತರ ಹೇಳಲೇಬೇಕು. ಉತ್ತರ ನಮ್ಮ ಊರಲ್ಲೇ ಇದೆ. ಅದರ ಕಾಗದಪತ್ರ ಬಂದದ್ದೂ ನಾಂಪಲ್ಲಿಯ ಕೋರ್ಟಿಗೇ.

2009ರ ಜನವರಿ 7. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕಪುಸ್ತಕದಲ್ಲಿ ತೋರಿಸಿದ 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲ ಎಂದು ಪತ್ರ ಬರೆದರು. ಹಿಂದಿನ ದಿನ ಸುಮಾರು 179 ರೂಪಾಯಿಯಿದ್ದ ಷೇರು ಅಂದು 40ರ ಆಸುಪಾಸಿಗೆ ಬಿತ್ತು. ಮೂರೂವರೆ ತಿಂಗಳ ಹಿಂದಷ್ಟೇ ಈ ಕಂಪನಿಗೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು ಎಂಬುದು ಬೇರೆ ಮಾತು. ಆ ಏಪ್ರಿಲ್‌ನಲ್ಲಿ ಸಿಬಿಐ ನಾಂಪಲ್ಲಿಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಆರೋಪಪಟ್ಟಿ ಸಲ್ಲಿಸಿತು. 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ರಾಜು ಮತ್ತಿತರರು ತಪ್ಪಿತಸ್ಥರೆಂದು ತೀರ್ಪು ಕೊಟ್ಟಿತು.

ಇಂಡೆಕ್ಸ್ ಫಂಡಿನ ಕತೆಗೆ ಬೇಕಾದದ್ದು ಆ ನಡುವಿನ ಐದೇ ದಿನ. ಸತ್ಯಂ ಆಗ ನಿಫ್ಟಿಯ ಐವತ್ತರಲ್ಲಿ ಒಂದು. ಅದನ್ನು ತೆಗೆದು ರಿಲಯನ್ಸ್ ಕ್ಯಾಪಿಟಲ್ ಸೇರಿಸುವುದಾಗಿ ವಿನಿಮಯ ಕೇಂದ್ರ ತಿಳಿಸಿತು. ಬದಲಾವಣೆ ಜನವರಿ 12ರಿಂದ ಜಾರಿ. 8ನೇ ತಾರೀಖು ಮೊಹರಂ ರಜೆ. 9ರ ಶುಕ್ರವಾರ ಮಾರುಕಟ್ಟೆ ತೆರೆದಾಗ ಷೇರು ಒಂದು ಹಂತದಲ್ಲಿ ಹತ್ತು ರೂಪಾಯಿಗಿಂತ ಕೆಳಗೆ ಹೋಗಿ, ಕೊನೆಗೆ ಸುಮಾರು 24ರಲ್ಲಿ ನಿಂತಿತು. ಸೂಚ್ಯಂಕದ ಲೆಕ್ಕದಲ್ಲಿ ಸತ್ಯಂ ಹೊರಬಿದ್ದದ್ದು ಆ ಬೆಲೆಗೆ. ವಾರಾಂತ್ಯದಲ್ಲಿ ಕೇಂದ್ರ ಸರ್ಕಾರ ಹೊಸ ಆಡಳಿತ ಮಂಡಳಿ ನೇಮಿಸಿತು. ಸೋಮವಾರ 12ರಂದು ಅದೇ ಷೇರು 34ರ ಹತ್ತಿರಕ್ಕೆ ಜಿಗಿಯಿತು.

ಈಗ ಮೂವರು ಮ್ಯಾನೇಜರುಗಳನ್ನು ಕಲ್ಪಿಸಿಕೊಳ್ಳಿ. ಒಬ್ಬ ಶಿಸ್ತಿನವನು, ಶುಕ್ರವಾರ ಸಂಜೆಯ ಬೆಲೆಗೆ ಮಾರಿದ. ಸೂಚ್ಯಂಕಕ್ಕೂ ಅವನ ಫಂಡಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಇನ್ನೊಬ್ಬ ಹೆದರಿ 7ರಂದೇ 40ಕ್ಕೆ ಮಾರಿದ. ಮೂರನೆಯವನು ಸೋಮಾರಿ, ಸೋಮವಾರದವರೆಗೆ ಹಾಗೇ ಬಿಟ್ಟು 34ಕ್ಕೆ ಮಾರಿದ. ಗಳಿಕೆಯ ಪಟ್ಟಿಯಲ್ಲಿ ಮೇಲೆ ಬರುವವರು ಯಾರು? ಹೆದರಿದವನು ಮತ್ತು ಸೋಮಾರಿ. ಕೆಲಸ ಸರಿಯಾಗಿ ಮಾಡಿದವನು ಕಡೆಯ ಸ್ಥಾನದಲ್ಲಿ. ಆ ಸೋಮವಾರ ಷೇರು ಮೇಲೇಳುವ ಬದಲು ಇನ್ನೂ ಬಿದ್ದಿದ್ದರೆ ಸೋಮಾರಿಯೇ ಕೊನೆಯವನಾಗುತ್ತಿದ್ದ. ಅಂದರೆ ಸೂಚ್ಯಂಕವನ್ನು 'ಮೀರಿಸಿದ' ಇಂಡೆಕ್ಸ್ ಫಂಡು ಜಾಣತನದ ಸಾಕ್ಷಿಯಲ್ಲ, ನಕಲು ಕೆಟ್ಟಿದೆ ಎಂಬುದರ ಸಾಕ್ಷಿ. ಈ ಬಾರಿ ತಪ್ಪು ನಮ್ಮ ಕಡೆಗೆ ವಾಲಿತು, ಮುಂದಿನ ಬಾರಿ ಆಚೆ ಕಡೆಗೆ ವಾಲಬಹುದು. ಮೂಲದಲ್ಲಿಲ್ಲದ ಒಂದು ಸಾಲು ಜೆರಾಕ್ಸ್ ಪ್ರತಿಯಲ್ಲಿ ಕಂಡರೆ, ಆ ಸಾಲು ಎಷ್ಟೇ ಸೊಗಸಾಗಿರಲಿ, ಆ ಪ್ರತಿಯನ್ನು ಕೋರ್ಟಿಗೆ ಕೊಡಲಾಗುವುದಿಲ್ಲ.

ಅಂದಹಾಗೆ, ಸತ್ಯಂ ಜಾಗಕ್ಕೆ ಬಂದ ರಿಲಯನ್ಸ್ ಕ್ಯಾಪಿಟಲ್ ಕೂಡ ಮುಂದೆ ಮುಗ್ಗರಿಸಿತು. 2021ರಲ್ಲಿ ರಿಸರ್ವ್ ಬ್ಯಾಂಕ್ ಅದರ ಆಡಳಿತ ಮಂಡಳಿಯನ್ನು ಕಿತ್ತುಹಾಕಿ ದಿವಾಳಿ ಪ್ರಕ್ರಿಯೆಗೆ ಕಳಿಸಿತು. ಅದಕ್ಕೆ ಎಷ್ಟೋ ಮೊದಲೇ ಅದು ನಿಫ್ಟಿಯಿಂದ ಹೊರಬಿದ್ದಿತ್ತು. ಬರುವುದು ಹೋಗುವುದು ಸೂಚ್ಯಂಕದ ಕೆಲಸ. ಆ ಹೋಗಿ ಬರುವಿಕೆಯನ್ನು ಹೇಳಿದ ಹೊತ್ತಿಗೆ, ಹೇಳಿದ ಬೆಲೆಗೆ, ಕಡಿಮೆ ಖರ್ಚಿನಲ್ಲಿ ನಕಲು ಮಾಡುವುದು ಫಂಡಿನ ಕೆಲಸ. ನಾವು ಅಳೆಯಬೇಕಾದದ್ದು ಎರಡನೆಯದನ್ನು.

ಅಳೆಯುವ ಮೊದಲ ಸಾಧನ ಟ್ರ್ಯಾಕಿಂಗ್ ಎರರ್. ಇದರ ಬಗ್ಗೆ ಆ್ಯಪ್ ಪಂಡಿತರೂ ಗೊಂದಲ ಮಾಡುವುದರಿಂದ ನಿಧಾನವಾಗಿ ಹೇಳುತ್ತೇನೆ. ಪ್ರತಿದಿನ ಸೂಚ್ಯಂಕ ಎಷ್ಟು ಏರಿತು, ಫಂಡು ಎಷ್ಟು ಏರಿತು ಎಂಬ ಎರಡರ ನಡುವಿನ ಅಂತರ ಬರೆದಿಡಿ. ಆ ಅಂತರ ದಿನದಿಂದ ದಿನಕ್ಕೆ ಎಷ್ಟು ಹೊಯ್ದಾಡುತ್ತದೆ ಎಂಬುದರ ವಾರ್ಷಿಕ ಅಳತೆಯೇ ಟ್ರ್ಯಾಕಿಂಗ್ ಎರರ್. ಇದು ನಷ್ಟದ ಅಳತೆ ಎಂದು ತಿಳಿಯಬೇಡಿ, ಇದು ಅಳೆಯುವುದು ಕೈನಡುಕವನ್ನು.

ಒಂದು ಫಂಡು ಪ್ರತಿದಿನವೂ ತಪ್ಪದೆ ಶೇ 0.001ರಷ್ಟು ಹಿಂದೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 250 ವಹಿವಾಟಿನ ದಿನಗಳೆಂದರೆ ಒಟ್ಟು ಶೇ 0.25 ಹಿನ್ನಡೆ. ಆದರೆ ಅಂತರ ಎಂದೂ ಬದಲಾಗದ್ದರಿಂದ ಅದರ ಟ್ರ್ಯಾಕಿಂಗ್ ಎರರ್ ಸೊನ್ನೆ. ಇನ್ನೊಂದು ಫಂಡು ಒಂದು ದಿನ ಶೇ 0.02 ಮುಂದೆ, ಮರುದಿನ ಶೇ 0.02 ಹಿಂದೆ, ಹೀಗೇ ಓಲಾಡುತ್ತದೆ. ವರ್ಷದ ಕೊನೆಗೆ ಅದರ ಹಿನ್ನಡೆ ಸೊನ್ನೆ, ಟ್ರ್ಯಾಕಿಂಗ್ ಎರರ್ ಮಾತ್ರ ಸುಮಾರು ಶೇ 0.32. ಮೊದಲನೆಯದು ನೇರವಾಗಿ ನಡೆಯುವ, ಆದರೆ ದಿನಾ ಒಂದಿಷ್ಟು ಕೂಲಿ ಕೇಳುವ ಆಳು. ಎರಡನೆಯದು ಈ ವರ್ಷ ಹೇಗೋ ಮನೆ ಮುಟ್ಟಿದ ಕುಡುಕ. ಮುಂದಿನ ವರ್ಷ ಚರಂಡಿಗೆ ಬೀಳುವುದಿಲ್ಲ ಎಂದು ಹೇಳುವವರು ಯಾರು?

ಹಾಗಾಗಿ ಟ್ರ್ಯಾಕಿಂಗ್ ಎರರ್ ಒಂದನ್ನೇ ನೋಡಿ ಕುಣಿಯುವುದೂ ತಪ್ಪು. ಪಕ್ಕದಲ್ಲೇ ಟ್ರ್ಯಾಕಿಂಗ್ ಡಿಫರೆನ್ಸ್ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ: ಫಂಡು ಸೂಚ್ಯಂಕಕ್ಕಿಂತ ವರ್ಷಕ್ಕೆ ಎಷ್ಟು ಹಿಂದೆ ಉಳಿಯಿತು ಎಂಬುದು. ಹಿಂದಿನ ಗಳಿಕೆ ನೋಡಲೇಬೇಕು ಎಂದು ಹಟ ಹಿಡಿಯುವವರಿಗೆ ಗಳಿಕೆಯ ಒಂದೇ ಒಂದು ಸರಿಯಾದ ಉಪಯೋಗ ಇಲ್ಲಿದೆ. ಫಂಡಿನ ಗಳಿಕೆಯನ್ನು ಇನ್ನೊಂದು ಫಂಡಿನ ಪಕ್ಕದಲ್ಲಿಡದೆ, ಅದರದೇ ಸೂಚ್ಯಂಕದ ಪಕ್ಕದಲ್ಲಿಟ್ಟು ಕಳೆಯಿರಿ. ಸೂಚ್ಯಂಕ ಎಂದರೆ ಲಾಭಾಂಶವೂ ಸೇರಿದ ಟಿಆರ್‌ಐ ಲೆಕ್ಕ. ಲಾಭಾಂಶ ಸೇರದ ಬರೀ ಬೆಲೆಯ ಸೂಚ್ಯಂಕದೊಂದಿಗೆ ಹೋಲಿಸಿ 'ನಾವು ಮೀರಿಸಿದೆವು' ಎಂದು ಫಂಡ್ ಕಂಪನಿಗಳು ಬೀಗುತ್ತಿದ್ದ ಕಾಲವಿತ್ತು. 2018ರ ಫೆಬ್ರವರಿಯಿಂದ ಟಿಆರ್‌ಐ ಜೊತೆಗೇ ಹೋಲಿಸಬೇಕೆಂದು ಸೆಬಿ ಕಡ್ಡಾಯ ಮಾಡಿತು.

ಈ ಸಂಖ್ಯೆಗಳಿಗಾಗಿ ಯಾರ ಕಾಲೂ ಹಿಡಿಯಬೇಕಿಲ್ಲ. ಸೆಬಿಯ 2022ರ ಮೇ ತಿಂಗಳ ಸುತ್ತೋಲೆಯ ಪ್ರಕಾರ, ಕಳೆದ ಒಂದು ವರ್ಷದ ಲೆಕ್ಕದ ಟ್ರ್ಯಾಕಿಂಗ್ ಎರರನ್ನು ಫಂಡ್ ಕಂಪನಿ ದಿನಾ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು, ಟ್ರ್ಯಾಕಿಂಗ್ ಡಿಫರೆನ್ಸನ್ನು ತಿಂಗಳಿಗೊಮ್ಮೆ. ಷೇರುಗಳ ಇಂಡೆಕ್ಸ್ ಫಂಡಿನ ಟ್ರ್ಯಾಕಿಂಗ್ ಎರರ್ ಶೇ 2 ದಾಟಬಾರದು ಎಂಬ ಮಿತಿಯನ್ನೂ ಅದೇ ಸುತ್ತೋಲೆ ಹಾಕಿತು. ಆದರೆ ಶೇ 2 ಎಂಬುದು ಪಾಸಾಗಲು ಬೇಕಾದ 35 ಅಂಕ. ನಿಫ್ಟಿ 50ರಂಥ, ಸರಾಗವಾಗಿ ಕೊಂಡು ಮಾರಬಹುದಾದ ಷೇರುಗಳ ಸೂಚ್ಯಂಕದಲ್ಲಿ ಒಳ್ಳೆಯ ಫಂಡಿನ ಟ್ರ್ಯಾಕಿಂಗ್ ಎರರ್ ಶೇ 0.1ಕ್ಕಿಂತ ಕೆಳಗಿರಬೇಕೆಂದು ಕೇಳುವುದು ದುಬಾರಿ ಬೇಡಿಕೆಯಲ್ಲ. ಶೇ 0.3, ಶೇ 0.4 ಎಂದು ಕಂಡರೆ ಅಲ್ಲಿ ಏನೋ ಸಡಿಲವಾಗಿದೆ ಎಂದರ್ಥ: ನಗದು ಹೆಚ್ಚು ಇಟ್ಟುಕೊಂಡಿರಬಹುದು, ಬಂದ ಲಾಭಾಂಶವನ್ನು ಹೂಡಲು ತಡ ಮಾಡಿರಬಹುದು, ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ನಿಫ್ಟಿಯ ಪಟ್ಟಿ ಬದಲಾದಾಗ ಹೊತ್ತು ತಪ್ಪಿರಬಹುದು.

ಎರಡನೆಯ ಸಾಧನ ವೆಚ್ಚ, ಅಂದರೆ ಎಕ್ಸ್‌ಪೆನ್ಸ್ ರೇಷಿಯೊ. ಮುಂದೆ ನಿಫ್ಟಿ ಎಷ್ಟು ಕೊಡುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಫಂಡು ಎಷ್ಟು ಕಿತ್ತುಕೊಳ್ಳುತ್ತದೆ ಎಂಬುದು ಮಾತ್ರ ಇವತ್ತೇ ಗೊತ್ತು. ಈ ಹಣಕ್ಕೆ ಬಿಲ್ಲು ಬರುವುದಿಲ್ಲ. ಪ್ರತಿದಿನದ ಎನ್‌ಎವಿಯಿಂದಲೇ ಸದ್ದಿಲ್ಲದೆ ಕಳೆದುಹೋಗುತ್ತದೆ, ಅದಕ್ಕೇ ನೋಯುವುದಿಲ್ಲ.

ಲೆಕ್ಕ ಮಾಡೋಣ. ಹತ್ತು ಲಕ್ಷ ರೂಪಾಯಿ, ಇಪ್ಪತ್ತು ವರ್ಷ. ಸೂಚ್ಯಂಕ ವರ್ಷಕ್ಕೆ ಶೇ 11 ಕೊಟ್ಟಿತು ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳಿ, ಇದು ಭವಿಷ್ಯವಾಣಿಯಲ್ಲ. ಶೇ 0.2 ಕಳೆದುಕೊಳ್ಳುವ ಫಂಡಿನಲ್ಲಿ ಅದು ಸುಮಾರು 77.8 ಲಕ್ಷವಾಗುತ್ತದೆ. ಶೇ 0.9 ಕಳೆದುಕೊಳ್ಳುವ ಫಂಡಿನಲ್ಲಿ ಸುಮಾರು 68.5 ಲಕ್ಷ. ಅಂತರ 9 ಲಕ್ಷಕ್ಕೂ ಮೇಲೆ, ನೀವು ಮೊದಲ ದಿನ ಹಾಕಿದ ಗಂಟಿಗೆ ಹೆಚ್ಚುಕಡಿಮೆ ಸಮ. ಅದೇ ಷೇರುಗಳು, ಅದೇ ಏರಿಳಿತ, ಅದೇ ನಿದ್ದೆಗೆಟ್ಟ ರಾತ್ರಿಗಳು. 'ಅರ್ಧ ಪರ್ಸೆಂಟಿಗೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಸರ್?' ಎನ್ನುವ ಬ್ಯಾಂಕಿನ ಹುಡುಗನಿಗೆ ಈ ಲೆಕ್ಕ ತೋರಿಸಿ. ಅವನ ಸಂಬಳ ಎಲ್ಲಿಂದ ಬರುತ್ತದೆ ಎಂದು ಇಬ್ಬರಿಗೂ ಅರ್ಥವಾಗುತ್ತದೆ.

ಅವನು ಮಾರುವುದು ಬಹುಮಟ್ಟಿಗೆ ರೆಗ್ಯುಲರ್ ಪ್ಲಾನ್. 2013ರ ಜನವರಿ 1ರಿಂದ ಪ್ರತಿ ಫಂಡಿಗೂ ಡೈರೆಕ್ಟ್ ಪ್ಲಾನ್ ಇದೆ, ಅದರಲ್ಲಿ ಮಾರಾಟಗಾರನ ಕಮಿಷನ್ ಇರುವುದಿಲ್ಲ. ಒಂದೇ ಫಂಡು, ಒಬ್ಬನೇ ಮ್ಯಾನೇಜರ್, ಅವೇ ಷೇರುಗಳು, ಆದರೆ ಡೈರೆಕ್ಟ್ ಪ್ಲಾನಿನ ಗಳಿಕೆ ಯಾವಾಗಲೂ ಮೇಲೆ. ಗಳಿಕೆಯ ಅಂತರ ಎಂದು ನಾವು ಮೆಚ್ಚುವುದು ಎಷ್ಟೋ ಸಲ ವೆಚ್ಚದ ಅಂತರವೇ ಆಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಸಲಹೆ ಕೊಟ್ಟು, ಮಾರುಕಟ್ಟೆ ಬಿದ್ದ ದಿನ ನಿಮ್ಮ ಕೈ ಹಿಡಿದು ಕೂರಿಸುವ ಒಬ್ಬ ಒಳ್ಳೆಯ ಏಜೆಂಟನಿಗೆ ಕಮಿಷನ್ ಕೊಡುವುದನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ನಿಫ್ಟಿಯನ್ನು ನಕಲು ಮಾಡಿದ್ದಕ್ಕೆ ಅದನ್ನು ಕೊಡುತ್ತಿದ್ದೇವೆ ಎಂಬ ಭ್ರಮೆ ಬೇಡ.

ವೆಚ್ಚದ ವಿಷಯದಲ್ಲೂ ಒಂದು ಹಳ್ಳವಿದೆ. ಹೊಸ ಫಂಡುಗಳು ಗಿರಾಕಿ ಸೆಳೆಯಲು ಮೊದಲು ತೀರ ಕಡಿಮೆ ದರ ಇಟ್ಟು, ದುಡ್ಡು ತುಂಬಿದ ಮೇಲೆ ಏರಿಸಬಹುದು. ಹೊಸ ದರ ಜಾರಿಯಾಗುವ ಮೊದಲು ಇ-ಮೇಲ್ ಬರುತ್ತದೆ, ಆದರೆ ಅದನ್ನು ನಾವು ಓದುವುದಿಲ್ಲ. ವರ್ಷಕ್ಕೊಮ್ಮೆ ದರ ನೋಡಿ. ದರಕ್ಕಿಂತ ಟ್ರ್ಯಾಕಿಂಗ್ ಡಿಫರೆನ್ಸ್ ಸ್ವಲ್ಪ ಹೆಚ್ಚಿರುವುದು ಸಹಜ, ಷೇರು ಕೊಳ್ಳುವ ಮಾರುವ ಖರ್ಚು, ತೆರಿಗೆ ಎಲ್ಲ ಅಲ್ಲಿ ಸೇರುತ್ತದೆ. ಆದರೆ ದರ ಶೇ 0.1 ಎಂದು ಹಾಕಿಕೊಂಡು ಶೇ 0.45 ಹಿಂದೆ ಬೀಳುವ ಫಂಡಿನ ಅಗ್ಗ, ಪುಟಕ್ಕೆ ಒಂದೇ ರೂಪಾಯಿ ಎಂದು ಬೋರ್ಡು ಹಾಕಿ ಪ್ರತಿ ಪುಟದ ಕೊನೆಯ ಸಾಲು ನುಂಗುವ ಅಂಗಡಿಯ ಅಗ್ಗ.

ಹೀಗಾಗುವುದು ಹೆಚ್ಚಾಗಿ ಸಣ್ಣ ಫಂಡುಗಳಲ್ಲಿ, ಅದಕ್ಕೇ ಮೂರನೆಯ ಸಾಧನ ಗಾತ್ರ. ದೊಡ್ಡದಾದ್ದರಿಂದ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ತೀರ ಸಣ್ಣದರಲ್ಲಿ ನಕಲು ಕಷ್ಟ ಎಂದಷ್ಟೇ ಹೇಳುತ್ತಿರುವುದು.

20 ಕೋಟಿ ರೂಪಾಯಿಯ ಒಂದು ನಿಫ್ಟಿ 500 ಫಂಡನ್ನು ತೆಗೆದುಕೊಳ್ಳಿ. ಎಂಆರ್‌ಎಫ್ ಟೈರ್ ಕಂಪನಿಯ ಒಂದು ಷೇರಿನ ಬೆಲೆ 2023ರ ಜೂನ್‌ನಲ್ಲಿ ಒಂದು ಲಕ್ಷ ದಾಟಿತು. ಅಂಥ ಷೇರಿಗೆ ಸೂಚ್ಯಂಕದಲ್ಲಿ ಶೇ 0.08 ತೂಕವಿದೆ ಎಂದುಕೊಂಡರೆ, ಫಂಡು ಅದರಲ್ಲಿ 1.6 ಲಕ್ಷ ಇಡಬೇಕು. ಒಂದು ಷೇರು ಕೊಂಡರೆ ಕಡಿಮೆ, ಎರಡು ಕೊಂಡರೆ ಹೆಚ್ಚು, ಒಂದೂವರೆ ಷೇರು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಐನೂರು ಷೇರುಗಳಲ್ಲಿ ಇಂಥ ಹೆಚ್ಚುಕಡಿಮೆಗಳು ಒಟ್ಟುಗೂಡಿ ಟ್ರ್ಯಾಕಿಂಗ್ ಎರರ್ ಆಗುತ್ತವೆ. 2,000 ಕೋಟಿಯ ಫಂಡಿಗೆ ಅದೇ ತೂಕ 1.6 ಕೋಟಿ, ಅಂದರೆ ನೂರೈವತ್ತು ಚಿಲ್ಲರೆ ಷೇರುಗಳು. ಅರ್ಧ ಷೇರಿನ ತಕರಾರು ಅಲ್ಲಿ ಕರಗಿಹೋಗುತ್ತದೆ.

ಇನ್ನೊಂದು, ಒಳಬರುವ ಹೊರಹೋಗುವ ಹಣ. ಒಂದು ಫಂಡಿನಲ್ಲಿ ಕನಿಷ್ಠ ಇಪ್ಪತ್ತು ಹೂಡಿಕೆದಾರರಿರಬೇಕು, ಒಬ್ಬರ ಪಾಲು ಶೇ 25 ಮೀರಬಾರದು ಎಂಬ ನಿಯಮವಿದೆ. ಹಾಗೆಂದರೆ 20 ಕೋಟಿಯ ಫಂಡಿನಲ್ಲಿ ಒಬ್ಬನೇ ಸಾಹುಕಾರ 5 ಕೋಟಿ ಇಟ್ಟಿರಬಹುದು. ಅವನು ಒಂದು ಬೆಳಗ್ಗೆ ಎದ್ದು ಹೊರಟರೆ ಮ್ಯಾನೇಜರ್ ಕಾಲುಭಾಗ ಷೇರುಗಳನ್ನು ಮಾರಬೇಕು. ಆ ಮಾರಾಟದ ಖರ್ಚಿನ ಒಂದು ಪಾಲು ಉಳಿದವರ ತಲೆಗೆ. ಇನ್ನೂ ಸಣ್ಣದಾದರೆ ಕಂಪನಿ ಆ ಫಂಡನ್ನೇ ಮುಚ್ಚಬಹುದು. ಆಗ ನಿಮ್ಮ ಹಣ ಬರುವುದು ಅವರ ಸಮಯಕ್ಕೆ, ಲಾಭದ ಮೇಲಿನ ತೆರಿಗೆ ಕಟ್ಟುವುದು ನೀವು.

ಆದರೆ ಗಾತ್ರಕ್ಕೂ ರ‍್ಯಾಂಕು ಕೊಡಲು ಹೊರಡಬೇಡಿ. ನಿಫ್ಟಿ 50ರ ಮಟ್ಟಿಗೆ 500 ಕೋಟಿಗಿಂತ ಕೆಳಗಿದ್ದರೆ ನಾನು ಟ್ರ್ಯಾಕಿಂಗ್ ಎರರನ್ನು ಎರಡು ಸಲ ನೋಡುತ್ತೇನೆ. ಸಾವಿರ ಕೋಟಿ ದಾಟಿದ ಮೇಲೆ ಗಾತ್ರವನ್ನು ಮರೆತುಬಿಡುತ್ತೇನೆ. ಇದು ನನ್ನ ಗೆರೆ, ಶಾಸ್ತ್ರವಲ್ಲ. 20,000 ಕೋಟಿಯ ಫಂಡು 2,000 ಕೋಟಿಯದಕ್ಕಿಂತ ಹತ್ತು ಪಟ್ಟು ಒಳ್ಳೆಯದಾಗುವುದಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಮೂರು ಕಾಲ್ಪನಿಕ ನಿಫ್ಟಿ 50 ಫಂಡುಗಳು, ಎಲ್ಲವೂ ಡೈರೆಕ್ಟ್ ಪ್ಲಾನ್. 'ಕ' ಫಂಡಿನ ವೆಚ್ಚ ಶೇ 0.2, ಟ್ರ್ಯಾಕಿಂಗ್ ಎರರ್ ಶೇ 0.03, ಗಾತ್ರ 9,000 ಕೋಟಿ, ಸೂಚ್ಯಂಕಕ್ಕಿಂತ ಹಿನ್ನಡೆ ಶೇ 0.25. 'ಖ' ಫಂಡಿನ ವೆಚ್ಚ ಶೇ 0.1, ಎರರ್ ಶೇ 0.35, ಗಾತ್ರ 30 ಕೋಟಿ, ಆದರೆ ಕಳೆದ ವರ್ಷ ಅದು ಸೂಚ್ಯಂಕಕ್ಕಿಂತ ಶೇ 0.15 ಮುಂದಿತ್ತು. 'ಗ' ಫಂಡಿನ ವೆಚ್ಚ ಶೇ 0.5, ಎರರ್ ಶೇ 0.04, ಗಾತ್ರ 4,000 ಕೋಟಿ, ಹಿನ್ನಡೆ ಶೇ 0.55.

ಗಳಿಕೆಯ ಪಟ್ಟಿ 'ಖ' ಎನ್ನುತ್ತದೆ. ವೆಚ್ಚವೊಂದನ್ನೇ ನೋಡುವ ಜಿಪುಣನೂ 'ಖ' ಎನ್ನುತ್ತಾನೆ. ಆದರೆ ವೆಚ್ಚ ಕಳೆಯುವ ಫಂಡೊಂದು ಸೂಚ್ಯಂಕಕ್ಕಿಂತ ಮುಂದೆ ಹೋಗಲು ಬೇರೆ ದಾರಿಯೇ ಇಲ್ಲ, ಎಲ್ಲೋ ಅದು ಮೂಲವನ್ನು ಬಿಟ್ಟು ನಡೆದಿರಬೇಕು. ದೊಡ್ಡ ಎರರ್ ಅದನ್ನೇ ಹೇಳುತ್ತಿದೆ, ಸಣ್ಣ ಗಾತ್ರ ಕಾರಣ ತೋರಿಸುತ್ತಿದೆ. ಸತ್ಯಂ ಷೇರನ್ನು ಸೋಮವಾರ ಮಾರಿದ ಸೋಮಾರಿ ಇವನೇ. 'ಗ' ನೇರವಾಗಿ ನಡೆಯುತ್ತದೆ, ಆದರೆ ಕೂಲಿ ಜಾಸ್ತಿ. ಅದರ ಪುಟ್ಟ ಎರರನ್ನು ಮಾತ್ರ ನೋಡಿದ್ದರೆ ಮೋಸಹೋಗುತ್ತಿದ್ದಿರಿ. 'ಕ' ಫಂಡಿನ ಹಿನ್ನಡೆಗೆ ಲೆಕ್ಕವಿದೆ: ಶೇ 0.2 ಕೂಲಿ, ಮಿಕ್ಕ ಶೇ 0.05 ಓಡಾಟದ ಖರ್ಚು. ನನ್ನ ಆಯ್ಕೆ 'ಕ'. ಅದರಂತೆಯೇ ಇರುವ ಇನ್ನೆರಡು ಫಂಡುಗಳು ಸಿಕ್ಕರೆ ಚೀಟಿ ಎತ್ತಿ ಒಂದನ್ನು ಆರಿಸಿ, ನಷ್ಟವಿಲ್ಲ.

ಈಗಾಗಲೇ ಬೇರೆ ಫಂಡಿನಲ್ಲಿರುವವರು ಇದನ್ನು ಓದಿ ಇವತ್ತೇ ಮಾರಲು ಓಡಬೇಡಿ. 10 ಲಕ್ಷದಲ್ಲಿ 4 ಲಕ್ಷ ಲಾಭವಿದ್ದು, ವರ್ಷ ದಾಟಿದ್ದರೆ, ಮೊದಲ 1.25 ಲಕ್ಷ ಬಿಟ್ಟು ಉಳಿದ 2.75 ಲಕ್ಷದ ಮೇಲೆ ಶೇ 12.5 ತೆರಿಗೆ, ಅಂದರೆ 34,375 ರೂಪಾಯಿ, ಮೇಲೊಂದಿಷ್ಟು ಸೆಸ್. ಇದು 2024ರ ಜುಲೈನಲ್ಲಿ ಬಂದ ದರ. ವೆಚ್ಚದ ಅಂತರ ಬರೀ ಶೇ 0.05 ಆದರೆ ನಿಮಗೆ ಉಳಿಯುವುದು ವರ್ಷಕ್ಕೆ 500 ರೂಪಾಯಿ. ಕಟ್ಟಿದ ತೆರಿಗೆ ವಾಪಸಾಗಲು ಸುಮಾರು 69 ವರ್ಷ ಬೇಕು. ಅಂತರ ಶೇ 0.7 ಆಗಿದ್ದರೆ ಐದು ವರ್ಷ ಸಾಕು. ಮೊದಲ ಪ್ರಸಂಗದಲ್ಲಿ ಹಳೆಯದನ್ನು ಹಾಗೇ ಬಿಟ್ಟು, ಮುಂದಿನ ಎಸ್‌ಐಪಿಯನ್ನು ಮಾತ್ರ ಹೊಸ ಫಂಡಿಗೆ ತಿರುಗಿಸಿ. ಎರಡನೆಯದರಲ್ಲಿ ಪ್ರತಿ ವರ್ಷ 1.25 ಲಕ್ಷದ ವಿನಾಯಿತಿಯೊಳಗೆ ಸ್ವಲ್ಪ ಸ್ವಲ್ಪವೇ ಸಾಗಿಸಬಹುದು.

ಕೊನೆಯದಾಗಿ ಒಂದು ಆಕ್ಷೇಪ ಉಳಿಯುತ್ತದೆ: 'ಇದೆಲ್ಲ ಆ್ಯಪ್‌ಗಳಿಗೆ ಗೊತ್ತಿಲ್ಲವೇ? ಗೊತ್ತಿದ್ದರೆ ಅವೇಕೆ ಗಳಿಕೆಯನ್ನು ಮುಂದೆ ತೋರಿಸುತ್ತವೆ?' ಗೊತ್ತಿದೆ. ಆದರೆ 'ಶೇ 31' ಎಂದು ಹಸಿರು ಅಕ್ಷರದಲ್ಲಿ ಕಂಡರೆ ಬೆರಳು ಒತ್ತುತ್ತದೆ, 'ಟ್ರ್ಯಾಕಿಂಗ್ ಎರರ್ ಶೇ 0.03' ಎಂದು ಕಂಡರೆ ಯಾರ ಎದೆಯೂ ಝಲ್ಲೆನ್ನುವುದಿಲ್ಲ. ಅಂಗಡಿಯವನು ಮಾರಾಟವಾಗುವುದನ್ನು ಮುಂದಿಡುತ್ತಾನೆ, ಅದು ಅವನ ಧರ್ಮ. ಆ ಪರದೆಯ ಮೇಲೆ ಬೆರಳನ್ನು ಇನ್ನೊಂದಿಷ್ಟು ಕೆಳಗೆ ಸರಿಸಿ, ಫಂಡಿನ ಫ್ಯಾಕ್ಟ್‌ಶೀಟ್ ತೆರೆದು, ಮೂರು ಸಣ್ಣ ಸಂಖ್ಯೆಗಳನ್ನು ಓದುವುದು ನಮ್ಮ ಕೆಲಸ. ಹತ್ತು ನಿಮಿಷದ್ದು. ಇನ್ನು ಮುಂದೆ ಗುಂಪಿಗೆ ಸ್ಕ್ರೀನ್‌ಶಾಟ್ ಹಾಕುವವರು ದಯವಿಟ್ಟು ಆ ಮೂರು ಸಂಖ್ಯೆಗಳಿರುವ ಪುಟವನ್ನೇ ಹಾಕಿ.